ಔಷಧದಾನವೋ, ಅನರ್ಥದಂಡವೋ?

ಚಾತುರ್ಮಾಸ ಬಂತೆಂದರೆ ಮುಂಬಯಿ, ಪುಣೆಗಳ ಜೈನ ಸಂಘಗಳಲ್ಲಿ ಉಚಿತ ಆರೋಗ್ಯ ಶಿಬಿರಗಳ ಕಾಲವೂ ಬರುತ್ತದೆ. ಬಸದಿಯ ಸಭಾಭವನದಲ್ಲಿ ಮೇಜು ಹಾಕಿ, ವೈದ್ಯರನ್ನು ಕರೆಸಿ, ದಾನಿಗಳ ಹೆಸರು ಬರೆದ ಬ್ಯಾನರಿನ ಕೆಳಗೆ ಮಾತ್ರೆಗಳನ್ನು ಹಂಚಲಾಗುತ್ತದೆ. ವರ್ಷದ ಕೊನೆಯಲ್ಲಿ ಟ್ರಸ್ಟಿನ ವರದಿಯಲ್ಲಿ ಎಷ್ಟು ಮಂದಿಯನ್ನು ಪರೀಕ್ಷಿಸಲಾಯಿತು, ಎಷ್ಟು ಮೌಲ್ಯದ ಔಷಧ ವಿತರಿಸಲಾಯಿತು ಎಂಬ ಎರಡು ಅಂಕಿಗಳು ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತವೆ. ಯಾವ ರೋಗಕ್ಕೆ ಯಾವ ಔಷಧ ಹೋಯಿತು ಎಂಬ ಮೂರನೆಯ ಲೆಕ್ಕ ಮಾತ್ರ ಎಲ್ಲಿಯೂ ಸಿಗುವುದಿಲ್ಲ. ಲೆಕ್ಕಪರಿಶೋಧಕರೂ ಅದನ್ನು ಕೇಳುವುದಿಲ್ಲ. ಔಷಧ ಕೊಂಡ ಬಿಲ್ಲು ಇದ್ದರೆ ಅವರ ಕೆಲಸ ಮುಗಿಯಿತು.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳು ಕರ್ನಾಟಕದ ಜೈನ ಶಾಸನಗಳಲ್ಲಿ ದಾನಿಗಳನ್ನು ಹೊಗಳುವಾಗ ಜೊತೆಜೊತೆಯಾಗಿಯೇ ಬರುತ್ತವೆ. ಅಂಥ ಪರಂಪರೆಯುಳ್ಳ ಸಮಾಜ ಔಷಧ ಹಂಚುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಮಳೆಗಾಲವೆಂದರೆ ಪಶ್ಚಿಮ ಕರಾವಳಿಯಲ್ಲಿ ನೆಗಡಿ ಮತ್ತು ಫ್ಲೂ ಏರುವ ಕಾಲ. ಶಿಬಿರದ ಸಾಲಿನಲ್ಲಿ ನಿಂತವರಲ್ಲಿ ಅನೇಕರದು ಸೋರುವ ಮೂಗು, ಕೆರೆಯುವ ಗಂಟಲು, ಎರಡು ದಿನದ ಜ್ವರ. ಅವರಲ್ಲಿ ಹಲವರ ಕೈಗೆ ಬರುವ ಪೊಟ್ಟಣದಲ್ಲಿ ಅಜಿತ್ರೋಮೈಸಿನ್ 500 ಮಿಲಿಗ್ರಾಂನ ಮೂರು ಮಾತ್ರೆಗಳಿರುತ್ತವೆ. ದಿನಕ್ಕೆ ಒಂದೇ ಮಾತ್ರೆ, ಮೂರೇ ದಿನ. ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ಹಿರಿಯರಿಗೆ ಇದಕ್ಕಿಂತ ಅನುಕೂಲವಾದ ಔಷಧ ಇನ್ನೊಂದಿಲ್ಲ. ಈ ಅನುಕೂಲವೇ ಅದರ ಜನಪ್ರಿಯತೆಗೆ ಅರ್ಧ ಕಾರಣ.

ನೆಗಡಿಗೂ ಫ್ಲೂಗೂ ಕಾರಣ ವೈರಸ್. ಅಜಿತ್ರೋಮೈಸಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾಗಳ ಮೇಲೆ. ಇಷ್ಟನ್ನು ಬಹುಮಂದಿ ಕೇಳಿರುತ್ತಾರೆ, ಆದರೂ ನಂಬುವುದಿಲ್ಲ. ಏಕೆಂದರೆ ಎರಡಕ್ಕೂ ಇರುವ ವ್ಯತ್ಯಾಸ ಕೇವಲ ಹೆಸರಿನದೆಂದು ತೋರುತ್ತದೆ. ವ್ಯತ್ಯಾಸ ಇರುವುದು ಅಡುಗೆಮನೆಯಲ್ಲಿ. ಬ್ಯಾಕ್ಟೀರಿಯಾ ಒಂದು ಸ್ವತಂತ್ರ ಸಂಸಾರವಿದ್ದಂತೆ. ತನಗೆ ಬೇಕಾದ ಪ್ರೋಟೀನುಗಳನ್ನು ತಯಾರಿಸಿಕೊಳ್ಳಲು ರೈಬೋಸೋಮ್ ಎಂಬ ತನ್ನದೇ ಒಲೆ ಅದಕ್ಕಿದೆ. ಅದರ ರೈಬೋಸೋಮಿನ ರಚನೆ ಮನುಷ್ಯನ ಜೀವಕೋಶದಲ್ಲಿರುವುದಕ್ಕಿಂತ ಬೇರೆ. ಅಜಿತ್ರೋಮೈಸಿನ್ ಹೋಗಿ ಕೂರುವುದು ಬ್ಯಾಕ್ಟೀರಿಯಾದ ಆ ಒಲೆಯ ಬಾಯಿಗೆ. ಮನುಷ್ಯನ ಒಲೆಗೆ ಅದು ಹೊಂದುವುದಿಲ್ಲವಾದ್ದರಿಂದಲೇ ರೋಗಿ ಬದುಕುತ್ತಾನೆ, ಬ್ಯಾಕ್ಟೀರಿಯಾ ಸೊರಗುತ್ತದೆ. ವೈರಸ್ಸಿಗಾದರೋ ಸ್ವಂತ ಒಲೆಯೇ ಇಲ್ಲ. ಅದು ಮನುಷ್ಯನ ಜೀವಕೋಶದೊಳಗೆ ನುಗ್ಗಿ, ಅಲ್ಲಿನ ಒಲೆಯಲ್ಲಿಯೇ ತನ್ನ ಅಡುಗೆ ಬೇಯಿಸಿಕೊಳ್ಳುತ್ತದೆ. ಅಲ್ಲಿ ಆ ಮಾತ್ರೆಗೆ ಹಿಡಿಯಲು ಏನೂ ಸಿಗುವುದಿಲ್ಲ. ಅಮಾಕ್ಸಿಸಿಲಿನ್‌ನ ಕಥೆಯೂ ಇದೇ. ಅದು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ, ವೈರಸ್ಸಿಗೆ ಅಂಥ ಗೋಡೆಯೇ ಇಲ್ಲ.

ಹಾಗಾದರೆ ಮಾತ್ರೆ ನುಂಗಿದವರಿಗೆ ಗುಣವಾದಂತೆ ಕಾಣುವುದೇಕೆ? ಯಾವುದೇ ವಸತಿ ಸಂಕೀರ್ಣದಲ್ಲಿ ಕಾಣಬಹುದಾದ ಒಂದು ವಾರವನ್ನು ದಿನ ದಿನವಾಗಿ ನೋಡಿದರೆ ಉತ್ತರ ಸಿಗುತ್ತದೆ. ಗೃಹಸ್ಥರೊಬ್ಬರಿಗೆ ಭಾನುವಾರ ಗಂಟಲು ಕೆರೆಯುತ್ತದೆ. ಸೋಮವಾರ ಮೂಗು ಸೋರುತ್ತದೆ, ಸಂಜೆಗೆ ಮೈ ಬಿಸಿಯಾಗುತ್ತದೆ. ಮಂಗಳವಾರ ಜ್ವರ 101 ಡಿಗ್ರಿ. ಬುಧವಾರ ಮೂಗಿನ ಸಿಂಬಳ ಹಳದಿಮಿಶ್ರಿತ ಹಸಿರಾಗುತ್ತದೆ. ಅದನ್ನು ಕಂಡು ಮನೆಯವರಿಗೆ ಗಾಬರಿ. ಆ ಸಂಜೆ ಮೆಡಿಕಲ್ ಅಂಗಡಿಯಿಂದ ಅಥವಾ ಶಿಬಿರದಿಂದ ಮೂರು ಮಾತ್ರೆ ಬರುತ್ತವೆ. ಗುರುವಾರ ಜ್ವರ ಇಳಿಯುತ್ತದೆ. ಶುಕ್ರವಾರ ಅವರು ಕಚೇರಿಗೆ ಹೋಗುತ್ತಾರೆ. ಮೂರನೆಯ ಮಾತ್ರೆ ಮೇಜಿನ ಸೆಳೆಖಾನೆಯಲ್ಲಿ ಉಳಿಯುತ್ತದೆ. ಎರಡು ತಿಂಗಳ ನಂತರ ಮಗಳಿಗೆ ನೆಗಡಿಯಾದಾಗ ಅದನ್ನೇ ಅರ್ಧ ಮುರಿದು ಕೊಡಲಾಗುತ್ತದೆ.

ಈ ಗೃಹಸ್ಥರು ಬುಧವಾರ ಏನನ್ನೂ ನುಂಗದಿದ್ದರೂ ಗುರುವಾರ ಜ್ವರ ಇಳಿಯುತ್ತಿತ್ತು. ಭಾರತೀಯ ವೈದ್ಯಕೀಯ ಸಂಘ 2023ರ ಮಾರ್ಚಿಯಲ್ಲಿ, ಎಚ್‌3ಎನ್‌2 ಫ್ಲೂ ದೇಶದಲ್ಲಿ ಹರಡಿದ್ದಾಗ, ಹೊರಡಿಸಿದ ಸೂಚನೆಯಲ್ಲಿ ಇದನ್ನೇ ಹೇಳಿತು: ಜ್ವರ ಮೂರು ದಿನದ ಹೊತ್ತಿಗೆ ಹೋಗುತ್ತದೆ, ಕೆಮ್ಮು ಮೂರು ವಾರದವರೆಗೂ ಉಳಿಯಬಹುದು, ಲಕ್ಷಣಗಳಿಗಷ್ಟೇ ಚಿಕಿತ್ಸೆ ಸಾಕು, ಆ್ಯಂಟಿಬಯೋಟಿಕ್ ಬೇಡ. ಜನ ಕೈಗೆ ಬಂದಂತೆ ನುಂಗುತ್ತಿರುವ ಔಷಧಗಳೆಂದು ಅದು ಅಜಿತ್ರೋಮೈಸಿನ್ ಮತ್ತು ಅಮಾಕ್ಸಿಕ್ಲಾವ್‌ಗಳನ್ನು ಹೆಸರಿಸಿಯೇ ಎಚ್ಚರಿಸಿತ್ತು. ಕಾಯಿಲೆ ತನ್ನ ತುದಿ ಮುಟ್ಟಿದ ದಿನವೇ ಮನುಷ್ಯ ಔಷಧ ಹುಡುಕುತ್ತಾನೆ. ತುದಿ ಮುಟ್ಟಿದ್ದು ಮರುದಿನ ಇಳಿಯಲೇಬೇಕು. ಇಳಿದದ್ದರ ಕೀರ್ತಿ ಮಾತ್ರೆಯ ಖಾತೆಗೆ ಜಮೆಯಾಗುತ್ತದೆ.

ಹಸಿರು ಸಿಂಬಳವೂ ಸಾಕ್ಷಿಯಲ್ಲ. ವೈರಸ್ಸಿನೊಡನೆ ಹೋರಾಡಲು ಬರುವ ಬಿಳಿ ರಕ್ತಕಣಗಳಲ್ಲಿ ಕಬ್ಬಿಣಾಂಶವುಳ್ಳ ಒಂದು ಕಿಣ್ವವಿದೆ, ಅದರ ಬಣ್ಣವೇ ಹಸಿರು. ಸಿಂಬಳ ಹಸಿರಾಯಿತೆಂದರೆ ದೇಹದ ಸೈನ್ಯ ಬಂದು ಕೆಲಸ ಮಾಡಿದೆ ಎಂದು ಮಾತ್ರ ಅರ್ಥ. ಎದುರಾಳಿ ಯಾರೆಂಬುದನ್ನು ಆ ಬಣ್ಣ ಹೇಳಲಾರದು.

ವೈದ್ಯರ ಬಳಿಗೆ ಹೋಗಲೇಬೇಕಾದ ಲಕ್ಷಣಗಳು ಬೇರೆಯೇ ಇವೆ. ಇಳಿದ ಜ್ವರ ಒಂದೆರಡು ದಿನ ಬಿಟ್ಟು ಮತ್ತೆ ಏರಿದರೆ, ಫ್ಲೂವಿನ ಬೆನ್ನಿಗೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಸೇರಿರಬಹುದು. ಉಸಿರಾಟ ವೇಗವಾದರೆ, ಎದೆ ನೋವಾದರೆ, ಮಗು ಹಾಲು ಬಿಟ್ಟರೆ, ಕಿವಿ ತೀವ್ರವಾಗಿ ನೋಯತೊಡಗಿದರೆ ಕಾಯುವಂತಿಲ್ಲ. ಕೆಮ್ಮು, ನೆಗಡಿ ಇಲ್ಲದೆ ಗಂಟಲು ಮಾತ್ರ ಕೆಂಪಾಗಿ ಊದಿ ಜ್ವರ ಬಂದರೆ ಅದು ಸ್ಟ್ರೆಪ್ಟೊಕಾಕಸ್ ಇರಬಹುದು, ಅದಕ್ಕೆ ಆ್ಯಂಟಿಬಯೋಟಿಕ್ ಬೇಕು. ವೃದ್ಧರು, ಗರ್ಭಿಣಿಯರು, ಮಧುಮೇಹಿಗಳು ಫ್ಲೂ ಬಂದಾಗ ತಡಮಾಡದೆ ವೈದ್ಯರನ್ನು ಕಾಣುವುದು ಒಳ್ಳೆಯದು; ವೈರಸ್ಸಿಗೆಂದೇ ಇರುವ ಒಸೆಲ್ಟಾಮಿವಿರ್ ಎಂಬ ಔಷಧ ಮೊದಲ ಎರಡು ದಿನಗಳಲ್ಲಿ ಕೊಟ್ಟರೆ ಹೆಚ್ಚು ಉಪಯೋಗ. ಅದು ಆ್ಯಂಟಿಬಯೋಟಿಕ್ ಅಲ್ಲ.

ಪ್ರಯೋಜನವಿಲ್ಲದಿದ್ದರೆ ಹೋಗಲಿ, ನಷ್ಟವೇನು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಬೆಲ್ಜಿಯಂನಲ್ಲಿ ನಡೆದ ಒಂದು ಅಧ್ಯಯನ ನೇರವಾದ ಉತ್ತರ ಕೊಟ್ಟಿದೆ. 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನಕ್ಕೆ ಯಾವ ಕಾಯಿಲೆಯೂ ಇಲ್ಲದ ಇನ್ನೂರಕ್ಕೂ ಹೆಚ್ಚು ಸ್ವಯಂಸೇವಕರನ್ನು ಆರಿಸಿಕೊಳ್ಳಲಾಗಿತ್ತು. ಕೆಲವರಿಗೆ ಅಜಿತ್ರೋಮೈಸಿನ್ ಅನ್ನು ಮೂರು ದಿನ, ಕೆಲವರಿಗೆ ಅದೇ ಕುಲದ ಕ್ಲಾರಿತ್ರೋಮೈಸಿನ್ ಅನ್ನು ಏಳು ದಿನ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಡಲಾಯಿತು. ಎಲ್ಲರ ಗಂಟಲಿನಿಂದ ಆಗಾಗ ಮಾದರಿ ತೆಗೆದು, ಅಲ್ಲಿ ಸಹಜವಾಗಿ ವಾಸಿಸುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳಲ್ಲಿ ಎಷ್ಟು ಪಾಲು ಈ ಔಷಧಗಳಿಗೆ ಬಗ್ಗುವುದಿಲ್ಲ ಎಂದು ಎಣಿಸಲಾಯಿತು. ಅಜಿತ್ರೋಮೈಸಿನ್ ನುಂಗಿದವರಲ್ಲಿ ಬಗ್ಗದ ಬ್ಯಾಕ್ಟೀರಿಯಾಗಳ ಪಾಲು ನಾಲ್ಕೇ ದಿನಗಳಲ್ಲಿ ಶೇಕಡಾ 53 ಅಂಶಗಳಷ್ಟು ಮೇಲೇರಿತು. ಆರು ತಿಂಗಳ ನಂತರವೂ ಆ ಪಾಲು ಹುಸಿಮಾತ್ರೆ ನುಂಗಿದವರ ಮಟ್ಟಕ್ಕೆ ಇಳಿದಿರಲಿಲ್ಲ.

ಮೂರು ದಿನದ ಮಾತ್ರೆ, ಆರು ತಿಂಗಳ ಬಾಕಿ. ಒಂದು ವರ್ಷದಲ್ಲಿ ಎರಡು ನೆಗಡಿಗೆ ಎರಡು ಬಾರಿ ನುಂಗಿದವರ ಗಂಟಲಿನ ಖಾತೆ ಆ ವರ್ಷ ಮುಗಿಯುವುದೇ ಇಲ್ಲ.

ಈ ಸ್ವಯಂಸೇವಕರು ಪೂರ್ತಿ ಕೋರ್ಸನ್ನು ಹೇಳಿದ ಪ್ರಮಾಣದಲ್ಲಿಯೇ ಮುಗಿಸಿದವರು ಎಂಬುದನ್ನು ಗಮನಿಸಬೇಕು. ಕೋರ್ಸ್ ಅರ್ಧಕ್ಕೆ ಬಿಟ್ಟರೆ ಮಾತ್ರ ಅಪಾಯ, ಪೂರ್ತಿ ಮಾಡಿದರೆ ದೋಷವಿಲ್ಲ ಎಂಬ ನಂಬಿಕೆ ವಿದ್ಯಾವಂತರಲ್ಲಿಯೇ ಬೇರೂರಿದೆ. ನಿಜವಾದ ಬ್ಯಾಕ್ಟೀರಿಯಾ ಸೋಂಕಿಗೆ ವೈದ್ಯರು ಬರೆದ ಔಷಧವನ್ನು ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು, ಅದು ಬೇರೆ ಮಾತು. ಆದರೆ ನೆಗಡಿಗೆಂದು ನುಂಗಿದ ಮೂರನೆಯ ಮಾತ್ರೆ ಮೊದಲೆರಡರ ತಪ್ಪನ್ನು ತಿದ್ದುವುದಿಲ್ಲ. ಅದು ತಪ್ಪಿನ ಮೂರನೆಯ ಕಂತು.

ಹೀಗಾಗಲು ಕಾರಣ ಸರಳ. ಗಂಟಲು, ಕರುಳುಗಳಲ್ಲಿ ಅಸಂಖ್ಯ ಬ್ಯಾಕ್ಟೀರಿಯಾಗಳು ಯಾರಿಗೂ ತೊಂದರೆ ಕೊಡದೆ ಇರುತ್ತವೆ. ಅವುಗಳಲ್ಲಿ ಕೆಲವಕ್ಕೆ ಔಷಧ ಹಿಡಿಯುವ ಜಾಗವನ್ನು ಮರೆಮಾಡುವ, ಅಥವಾ ಒಳಬಂದ ಔಷಧವನ್ನು ಹೊರಕ್ಕೆ ದಬ್ಬುವ ಗುಣ ಆಕಸ್ಮಿಕವಾಗಿ ಇರುತ್ತದೆ. ಔಷಧವಿಲ್ಲದಾಗ ಆ ಗುಣದಿಂದ ಲಾಭವಿಲ್ಲ. ಔಷಧ ಬಂದಾಗ ಸಾಧುವಾದವು ಸಾಯುತ್ತವೆ, ಗುಣವುಳ್ಳವು ಉಳಿದು ಖಾಲಿಯಾದ ಜಾಗವನ್ನೆಲ್ಲ ತುಂಬಿಕೊಳ್ಳುತ್ತವೆ. ಬದಲಾಗುವುದು ಮನುಷ್ಯನ ದೇಹವಲ್ಲ, ಅದರೊಳಗಿನ ನಿವಾಸಿಗಳು. ಅಜಿತ್ರೋಮೈಸಿನ್ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುವ ಔಷಧ. ರಕ್ತದಲ್ಲಿ ಅದರ ಪ್ರಮಾಣ ಅರ್ಧವಾಗಲು ಸುಮಾರು 68 ಗಂಟೆ ಬೇಕು. ದಿನಕ್ಕೊಂದೇ ಮಾತ್ರೆ ಸಾಕಾಗುವುದು ಇದರಿಂದಲೇ. ಆದರೆ ಕೊನೆಯ ಮಾತ್ರೆ ನುಂಗಿದ ಮೇಲೂ ಬಹುದಿನ ಅದು ಅಂಗಾಂಶಗಳಲ್ಲಿ ಕ್ಷೀಣವಾಗಿ ಉಳಿದು, ಕೊಲ್ಲಲು ಸಾಲದಷ್ಟು, ಆರಿಸಲು ಸಾಕಾಗುವಷ್ಟು ಒತ್ತಡವನ್ನು ಮುಂದುವರಿಸುತ್ತದೆ. ಗಂಟಲಿನ ನಿರುಪದ್ರವಿ ಬ್ಯಾಕ್ಟೀರಿಯಾಗಳು ತಮ್ಮ ನಿರೋಧಕ ಗುಣವನ್ನು ನ್ಯುಮೋನಿಯಾ ತರುವ ಹತ್ತಿರದ ಸಂಬಂಧಿಗೆ ದಾಟಿಸಬಲ್ಲವು. ಕೆಮ್ಮು, ಎಂಜಲು, ಕೈಗಳ ಮೂಲಕ ಅವು ಮನೆಯ ಇತರರಿಗೂ ಹೋಗುತ್ತವೆ. ಅಜ್ಜ ನುಂಗಿದ ಮಾತ್ರೆಯ ಫಲ ಮೊಮ್ಮಗಳ ಗಂಟಲಲ್ಲಿ ಸಿಗುವುದು ಅತಿಶಯೋಕ್ತಿಯಲ್ಲ.

ಭಾರತದ ಮಟ್ಟಿಗೆ ಈ ಔಷಧ ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ಟೈಫಾಯ್ಡ್ ಅತ್ಯುತ್ತಮ ಉದಾಹರಣೆ. 1948ರಲ್ಲಿ ಕ್ಲೋರಾಂಫೆನಿಕಾಲ್ ಬಂದಾಗ ವಿಷಮಶೀತಜ್ವರಕ್ಕೆ ಮೊದಲ ಬಾರಿ ನಿಜವಾದ ಮದ್ದು ಸಿಕ್ಕಿತು. 1972ರ ಹೊತ್ತಿಗೆ ಕೇರಳದ ಕೋಳಿಕ್ಕೋಡಿನಲ್ಲಿ ಅದಕ್ಕೆ ಬಗ್ಗದ ಟೈಫಾಯ್ಡ್ ಹರಡಿತ್ತು. ಬಳಿಕ ಸಿಪ್ರೊಫ್ಲಾಕ್ಸಾಸಿನ್ ಬಂತು. ದಕ್ಷಿಣ ಏಷ್ಯಾದಲ್ಲಿ ಇಂದು ಅದರ ಮೇಲೆ ಭರವಸೆ ಇಡುವಂತಿಲ್ಲ. ಉಳಿದದ್ದು ಸೂಜಿಯ ಮೂಲಕ ಕೊಡುವ ಸೆಫ್ಟ್ರಿಯಾಕ್ಸೋನ್ ಮತ್ತು ಬಾಯಿಂದ ನುಂಗುವ ಅಜಿತ್ರೋಮೈಸಿನ್. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಸೆಫ್ಟ್ರಿಯಾಕ್ಸೋನ್ ಸೇರಿದಂತೆ ಹಿಂದಿನ ಎಲ್ಲಕ್ಕೂ ಬಗ್ಗದ ಟೈಫಾಯ್ಡ್ ಕಾಣಿಸಿಕೊಂಡಿತು. ಅಲ್ಲಿನ ಮಕ್ಕಳಿಗೆ ಬಾಯಿಂದ ಕೊಡಬಹುದಾದ ಔಷಧವಾಗಿ ಉಳಿದದ್ದು ಅಜಿತ್ರೋಮೈಸಿನ್ ಒಂದೇ. ಅದೂ ಕೈಕೊಟ್ಟರೆ ಪ್ರತಿ ರೋಗಿಗೂ ಆಸ್ಪತ್ರೆಯ ಹಾಸಿಗೆ, ರಕ್ತನಾಳದ ಮೂಲಕ ದುಬಾರಿ ಔಷಧ. ಬಾಂಗ್ಲಾದೇಶದಲ್ಲಿ ಅಜಿತ್ರೋಮೈಸಿನ್‌ಗೂ ಬಗ್ಗದ ಟೈಫಾಯ್ಡ್ ಬ್ಯಾಕ್ಟೀರಿಯಾಗಳು ಈಗಾಗಲೇ ಪತ್ತೆಯಾಗಿವೆ. ಹೀಗೆ ಕೊನೆಯ ಸಾಲಿನಲ್ಲಿ ನಿಂತ ಮಾತ್ರೆಯನ್ನು ಸೋರುವ ಮೂಗಿಗೆ ಖರ್ಚು ಮಾಡುವುದೆಂದರೆ ಮೂಲಧನವನ್ನು ದಿನಸಿಗೆ ಮುರಿಯುವುದು.

ಇಲ್ಲಿ ಸರ್ಕಾರದ ಪಾಲೂ ಇದೆ. ಆ್ಯಂಟಿಬಯೋಟಿಕ್‌ಗಳು ಶೆಡ್ಯೂಲ್ ಎಚ್ ಔಷಧಗಳು. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಪಟ್ಟಿಯ ಮೇಲೆಯೇ ಅಚ್ಚಾಗಿರುತ್ತದೆ. ಆ ಅಕ್ಷರಗಳನ್ನು ಓದಿದ ಅಂಗಡಿಕಾರರು ಎಷ್ಟು ಮಂದಿಯೋ! 2014ರ ಮಾರ್ಚ್ 1ರಿಂದ ಕೇಂದ್ರ ಸರ್ಕಾರ ಶೆಡ್ಯೂಲ್ ಎಚ್1 ಎಂಬ ಬಿಗಿಯಾದ ಪಟ್ಟಿ ತಂದಿತು. ಅದರಲ್ಲಿರುವ ಔಷಧ ಮಾರಿದರೆ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು ಮತ್ತು ಪ್ರಮಾಣಗಳನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಆದರೆ 46 ಔಷಧಗಳ ಆ ಮೊದಲ ಪಟ್ಟಿಯಲ್ಲಿ ಅಜಿತ್ರೋಮೈಸಿನ್ ಇರಲಿಲ್ಲ, ಅಮಾಕ್ಸಿಸಿಲಿನ್ ಕೂಡ ಇರಲಿಲ್ಲ. ಅತಿ ಹೆಚ್ಚು ಬಿಕರಿಯಾಗುವುದನ್ನೇ ಲೆಕ್ಕದ ಹೊರಗಿಟ್ಟು ಲೆಕ್ಕ ಬಿಗಿ ಮಾಡಿದಂತಾಯಿತು. ಪ್ರತಿ ಜ್ವರಕ್ಕೂ ವೈದ್ಯರನ್ನು ಕಾಣಲಾಗದ ಹಳ್ಳಿಗಳಿಗೆ ಔಷಧ ಸಿಗದೆ ಹೋದೀತು ಎಂಬ ಆತಂಕ ನಿಜವಾದದ್ದೇ. ಆದರೆ ಹಳ್ಳಿಯ ಹೆಸರಿನಲ್ಲಿ ಬಿಟ್ಟ ಬಾಗಿಲಿನಿಂದ ಮಹಾನಗರದ ಸುಶಿಕ್ಷಿತರೇ ಹೆಚ್ಚು ಓಡಾಡುತ್ತಿದ್ದಾರೆ. ಕೇರಳ ಸರ್ಕಾರ 2024ರಲ್ಲಿ ‘ಆಪರೇಷನ್ ಅಮೃತ್’ ಎಂಬ ಹೆಸರಿನಲ್ಲಿ ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ ದಿಢೀರ್ ತಪಾಸಣೆ ಆರಂಭಿಸಿತು. ಇರುವ ಕಾನೂನಿನಿಂದಲೇ ಅಷ್ಟು ಸಾಧ್ಯವೆಂದಾದರೆ ಮಹಾರಾಷ್ಟ್ರವೂ ಕರ್ನಾಟಕವೂ ಹೊಸ ಕಾನೂನಿಗೆ ಕಾಯಬೇಕಾದ ಅಗತ್ಯವಿಲ್ಲ. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಆ್ಯಂಟಿಬಯೋಟಿಕ್ ಬರೆಯುವಾಗ ಅದರ ಕಾರಣವನ್ನೂ ಚೀಟಿಯಲ್ಲಿ ನಮೂದಿಸುವಂತೆ ವೈದ್ಯರನ್ನು ಕೋರಿತು. ಕೋರಿಕೆ ಇನ್ನೂ ನಿಯಮವಾಗಿಲ್ಲ.

ಸರ್ಕಾರ ಮಾಡುವವರೆಗೆ ಸಮಾಜ ಕಾಯಬೇಕಾಗಿಲ್ಲ. ಶಿಬಿರ ಸರ್ಕಾರದ್ದಲ್ಲ, ಸಂಘದ್ದು. ಇಬ್ಬರು ವೈದ್ಯರು ನಾಲ್ಕು ಗಂಟೆಯಲ್ಲಿ 240 ಮಂದಿಯನ್ನು ನೋಡಿದರೆ ಒಬ್ಬೊಬ್ಬರಿಗೆ ದಕ್ಕುವುದು ಎರಡು ನಿಮಿಷ. ಆ್ಯಂಟಿಬಯೋಟಿಕ್ ಬರೆಯಲು ಅರ್ಧ ನಿಮಿಷ ಸಾಕು. ಅದು ಏಕೆ ಬೇಡ ಎಂದು ತಿಳಿಹೇಳಲು ಐದು ನಿಮಿಷ ಬೇಕು. ಎಣಿಕೆ ಹೆಚ್ಚಿದಷ್ಟೂ ಪುಣ್ಯ ಹೆಚ್ಚೆಂದು ತಿಳಿದ ಸಂಘಟಕರು ವೈದ್ಯರ ಕೈಯಲ್ಲಿ ಉಳಿಸುವ ಆಯ್ಕೆ ಒಂದೇ. ದಾನಿಯೊಬ್ಬರು ಪೆಟ್ಟಿಗೆಗಟ್ಟಲೆ ಅಜಿತ್ರೋಮೈಸಿನ್ ಕೊಟ್ಟಿದ್ದರಂತೂ ಅದನ್ನು ಖಾಲಿ ಮಾಡುವ ಒತ್ತಡ ಬೇರೆ.

ಶ್ರಾವಕರ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಒಂದು. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡಬೇಕೆಂಬುದು ಅದರ ಅರ್ಥ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಹಿಂಸಾದಾನವೂ ಸೇರಿದೆ. ಕೊಡಲಿ, ಕತ್ತಿ, ಬೆಂಕಿ, ವಿಷಗಳಂಥ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಮದ್ದೆಲ್ಲ ಹಿಂಸೆ, ಆದ್ದರಿಂದ ನ್ಯುಮೋನಿಯಾಕ್ಕೂ ಬೇಡ ಎಂಬ ವಾದವನ್ನು ಇದರಿಂದ ಹೊರಡಿಸುವವರಿದ್ದರೆ ಅವರು ವ್ರತದ ಮೊದಲ ಪದವನ್ನೇ ಮರೆತಿದ್ದಾರೆ. ಗೃಹಸ್ಥನಿಗೆ ಪ್ರಯೋಜನವುಳ್ಳದ್ದು ಬೇರೆ, ಅನರ್ಥವಾದದ್ದು ಬೇರೆ. ಟೈಫಾಯ್ಡ್ ರೋಗಿಗೆ ಕೊಟ್ಟ ಅಜಿತ್ರೋಮೈಸಿನ್ ಔಷಧದಾನ. ನೆಗಡಿಯವನಿಗೆ ಕೊಟ್ಟ ಅದೇ ಮಾತ್ರೆಯಿಂದ ಅವನಿಗೆ ಲಾಭವಿಲ್ಲ, ಅವನ ಗಂಟಲಿನ ನಿರುಪದ್ರವಿ ಜೀವಿಗಳಿಗೆ ಸಾವು, ಮುಂದಿನ ರೋಗಿಗೆ ಅಪಾಯ. ನೀರು ಸೋಸಿ ಕುಡಿಯುವ ಮನೆಗಳಲ್ಲಿ ಇದಕ್ಕೆ ಬೇರೆ ಹೆಸರಿಡುವುದು ಕಷ್ಟ.

ಶಿಬಿರ ನಡೆಸುವ ಟ್ರಸ್ಟುಗಳು ಮಾಡಬಹುದಾದ ಬದಲಾವಣೆ ದುಬಾರಿಯದಲ್ಲ. ಆ್ಯಂಟಿಬಯೋಟಿಕ್‌ಗಳನ್ನು ವಿತರಣೆಯ ಮೇಜಿನಿಂದ ತೆಗೆದು ವೈದ್ಯರ ವಶದಲ್ಲಿಡಬೇಕು. ಮನೆಗಳಲ್ಲಿ ಉಳಿದ, ಕೆಂಪು ಗೆರೆಯುಳ್ಳ ಮಾತ್ರೆಪಟ್ಟಿಗಳನ್ನು ದಾನವಾಗಿ ಸ್ವೀಕರಿಸುವುದನ್ನು ನಿಲ್ಲಿಸಬೇಕು. ಚೀಟಿಯಿಲ್ಲದೆ ನುಂಗಬಾರದ ಔಷಧವೆಂದು ತಿಳಿಸಲೆಂದೇ 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆ ಗೆರೆಯ ಪ್ರಚಾರ ನಡೆಸಿತ್ತು. ನೆಗಡಿ, ಫ್ಲೂ ರೋಗಿಗೆ ಪ್ಯಾರಾಸಿಟಮಾಲ್‌ನ ಜೊತೆಗೆ ಒಂದು ಕನ್ನಡ ಚೀಟಿ ಕೊಡಬಹುದು: ಜ್ವರ ಎಷ್ಟು ದಿನ, ಕೆಮ್ಮು ಎಷ್ಟು ವಾರ, ಯಾವ ಲಕ್ಷಣ ಕಂಡರೆ ಮರಳಿ ಬರಬೇಕು, ಯಾರಿಗೆ ಫೋನ್ ಮಾಡಬೇಕು. ಬರಿಗೈಯಲ್ಲಿ ಕಳಿಸಿದರೆಂಬ ಅಸಮಾಧಾನ ಅರ್ಧ ಕಡಿಮೆಯಾಗುವುದು ಆ ಫೋನ್ ಸಂಖ್ಯೆಯಿಂದಲೇ.

ಇನ್ನು ಲೆಕ್ಕ. ಕೊಟ್ಟ ಪ್ರತಿ ಆ್ಯಂಟಿಬಯೋಟಿಕ್‌ಗೆ ಒಂದು ಸಾಲು: ರೋಗಿಯ ವಯಸ್ಸು, ರೋಗನಿರ್ಣಯ, ಔಷಧ, ದಿನಗಳು, ವೈದ್ಯರ ನೋಂದಣಿ ಸಂಖ್ಯೆ. ಐದೇ ಕಾಲಮ್ಮುಗಳು. ‘ರೋಗನಿರ್ಣಯ’ದ ಕಾಲಮ್ಮಿನಲ್ಲಿ ‘ನೆಗಡಿ’ ಎಂದೋ ‘ವೈರಲ್ ಜ್ವರ’ ಎಂದೋ ಬರೆದು, ಪಕ್ಕದಲ್ಲಿ ‘ಅಜಿತ್ರೋಮೈಸಿನ್’ ಎಂದು ಬರೆಯುವಾಗ ಬರೆಯುವ ಕೈ ತಾನಾಗಿ ತಡೆಯುತ್ತದೆ. ವಾರ್ಷಿಕ ಸಭೆಯಲ್ಲಿ ಅಂಥ ಸಾಲುಗಳು ಎಷ್ಟಿದ್ದವೆಂದು ಕೇಳುವ ಹಕ್ಕು ಪ್ರತಿ ಸದಸ್ಯರಿಗೂ ಇದೆ. ದಶಲಕ್ಷಣ ಪರ್ವದ ಶಿಬಿರಗಳಿಗೆ ಔಷಧ ಖರೀದಿಯ ಪಟ್ಟಿ ತಯಾರಾಗುವುದು ಅದಕ್ಕೆ ಹಲವು ವಾರ ಮೊದಲು. ಆ ಪಟ್ಟಿ ಕಾರ್ಯಕಾರಿ ಸಮಿತಿಯ ಮುಂದೆ ಬಂದಾಗಲೇ ಈ ಪ್ರಶ್ನೆಯೂ ಬರಬೇಕು.